ಮನೆಯ ಲೆಕ್ಕ: ಷೇರಿನ ಹಕ್ಕೂ ಕೆಲಸ ಬಿಡುವ ದಿನವೂ

ನಮ್ಮ ಎಂಐಡಿಸಿ ವಸಾಹತಿನ ಹಿರಿಯರಲ್ಲಿ ಹೆಚ್ಚಿನವರು ರಾಸಾಯನಿಕ ಕಾರಖಾನೆಗಳಲ್ಲಿಯೂ ಬಣ್ಣದ ಗಿರಣಿಗಳಲ್ಲಿಯೂ ದುಡಿದು ನಿವೃತ್ತರಾದವರು. ಅವರಿಗೆ ಪ್ರಾವಿಡೆಂಟ್ ಫಂಡಿನ ಲೆಕ್ಕ ಬಾಯಿಪಾಠ. ಅವರ ಮಕ್ಕಳು ಈಗ ಐರೋಲಿ, ಮಹಾಪೆಯ ಕಡೆಗೆ ಸಾಫ್ಟ್‌ವೇರ್ ಕೆಲಸಕ್ಕೆ ಹೋಗುತ್ತಾರೆ. ಸಂಬಳದ ಜೊತೆಗೆ 'ಎಸಾಪ್' ಎಂಬುದೊಂದು ಕಾಗದವನ್ನೂ ಮನೆಗೆ ತರುತ್ತಾರೆ. ಪರಿಚಿತರೊಬ್ಬರು ಮೊನ್ನೆ ಅಂಥ ಕಾಗದವನ್ನು ಮುಂದಿಟ್ಟು, "ಅಲ್ಲರೀ, ಇದೂ ಪಿ.ಎಫ್. ಇದ್ದ ಹಾಗೇ ಅಲ್ಲವೇ? ಮಗಳು ಕೆಲಸ ಬಿಟ್ಟರೂ ಅವಳದು ಅವಳಿಗೆ ಬಂದೇ ಬರುತ್ತದಲ್ಲ?" ಎಂದು ಕೇಳಿದರು. ಬಂದೇ ಬರುತ್ತದೆ ಎನ್ನುವಂತಿಲ್ಲ. ಈ ಸಲದ ಅಂಕಣವನ್ನು ಆ ಪ್ರಶ್ನೆಗೇ ಮೀಸಲಿಟ್ಟಿದ್ದೇವೆ.

ಮೊದಲು ಆಪ್ಶನ್ ಎಂದರೆ ಏನೆಂಬುದನ್ನು ತಿಳಿಯಬೇಕು. ಅದು ಷೇರಲ್ಲ. ಇಂತಿಷ್ಟು ಷೇರುಗಳನ್ನು ಇಂದು ಗೊತ್ತುಪಡಿಸಿದ ಬೆಲೆಗೆ ಮುಂದೊಂದು ದಿನ ಕೊಳ್ಳಬಹುದು ಎಂಬ ಹಕ್ಕು ಮಾತ್ರ. ಅದನ್ನು ಮಾರುವಂತಿಲ್ಲ, ಒತ್ತೆಯಿಡುವಂತಿಲ್ಲ. ಕನ್ನಡನಾಡಿನವರಿಗೆ ಇದು ತೀರ ಹೊಸ ಮಾತೂ ಅಲ್ಲ. ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯು 1994ರಲ್ಲಿಯೇ ಇಂಥ ಯೋಜನೆಯನ್ನು ತಂದಿತು. ಟ್ರಸ್ಟೊಂದರ ಮೂಲಕ ನೌಕರರಿಗೆ ಒಂದೊಂದು ರೂಪಾಯಿಗೆ ವಾರಂಟುಗಳನ್ನು ಕೊಟ್ಟರು. ಒಂದು ವಾರಂಟಿಗೆ 100 ರೂಪಾಯಿ ತೆತ್ತು ಒಂದು ಷೇರು ಪಡೆಯಬಹುದಿತ್ತು. ಆದರೆ ಸುಮಾರು ಐದು ವರ್ಷಗಳ ಕಟ್ಟು ಅದಕ್ಕಿತ್ತು. ಆ ಷೇರುಗಳಿಂದ ಮನೆ ಕಟ್ಟಿಸಿದವರ ಸುದ್ದಿಯನ್ನೇ ನಾವೆಲ್ಲ ಕೇಳಿದ್ದೇವೆ; ಕಟ್ಟಿನ ಸುದ್ದಿಯನ್ನು ಹೇಳುವವರು ಕಡಮೆ.

ಆ ಕಟ್ಟಿಗೆ 'ವೆಸ್ಟಿಂಗ್' ಎಂದು ಹೆಸರು, ಎಂದರೆ ಹಕ್ಕು ಕೈಗೂಡುವ ಕಾಲ. ನಮ್ಮ ದೇಶದ ನಿಯಮದಂತೆ ಆಪ್ಶನ್ ಕೊಟ್ಟ ದಿನದಿಂದ ಕನಿಷ್ಠ ಒಂದು ವರ್ಷ ಕಳೆಯದೆ ಏನೂ ಕೈಗೂಡದು. ಅದರ ಮುಂದಿನದು ಕಂಪನಿಯ ಇಷ್ಟ.

ಮೇಲೆ ಹೇಳಿದ ಹುಡುಗಿಯ ಕಾಗದವನ್ನು ಹೋಲುವ ಒಂದು ಲೆಕ್ಕವನ್ನೇ ಮಾಡಿ ನೋಡೋಣ. ಅಂಕಿಗಳನ್ನು ಎಣಿಕೆಗೆ ಸುಲಭವಾಗುವಂತೆ ನಾವೇ ಇಟ್ಟುಕೊಂಡಿದ್ದೇವೆ. 2022ರ ಏಪ್ರಿಲ್ 1ರಂದು ಆಕೆಗೆ 1,200 ಆಪ್ಶನ್‌ಗಳು ದೊರೆತವು. ಕೊಳ್ಳುವ ಬೆಲೆ ಷೇರಿಗೆ 50 ರೂಪಾಯಿ. ನಾಲ್ಕು ವರ್ಷದಲ್ಲಿ ಎಲ್ಲವೂ ಕೈಗೂಡಬೇಕು. ಮೊದಲ ವರ್ಷ ತುಂಬಿದ ದಿನ ಒಮ್ಮೆಗೇ 300, ಆಮೇಲೆ ತುಂಬಿದ ಪ್ರತಿ ತಿಂಗಳಿಗೆ 25. 2023ರ ಮಾರ್ಚ್ ತಿಂಗಳಲ್ಲಿ ಬಿಟ್ಟಿದ್ದರೆ ಸೊನ್ನೆ. ಏಪ್ರಿಲಿನಲ್ಲಿ ಬಿಟ್ಟಿದ್ದರೆ 300. ಹನ್ನೊಂದು ತಿಂಗಳು ದುಡಿದವರಿಗೆ ಹನ್ನೊಂದು ತಿಂಗಳಿನ ಪಾಲು ಸಿಕ್ಕೀತೆಂದು ತಿಳಿಯುವುದು ತಪ್ಪು.

ಆಕೆ 2024ರ ಸೆಪ್ಟೆಂಬರ್ 15ರಂದು ರಾಜೀನಾಮೆ ಕೊಟ್ಟು, ಎರಡು ತಿಂಗಳ ನೋಟೀಸು ಮುಗಿಸಿ, ನವೆಂಬರ್ 15ರಂದು ಹೊರಬಂದಳೆನ್ನೋಣ. ತುಂಬಿದ ತಿಂಗಳುಗಳು 31. ಮೊದಲ ವರ್ಷದ 300ಕ್ಕೆ ಉಳಿದ 19 ತಿಂಗಳಿನ 475 ಸೇರಿಸಿದರೆ 775. ಮಿಕ್ಕ 425 ಆ ದಿನವೇ ಅಳಿದುಹೋಗುತ್ತವೆ. ಆದರೆ ಕೆಲವು ಯೋಜನೆಗಳು ರಾಜೀನಾಮೆ ಕೊಟ್ಟ ದಿನಕ್ಕೇ ಎಣಿಕೆಯನ್ನು ನಿಲ್ಲಿಸುತ್ತವೆ. ಹಾಗಾದರೆ ತಿಂಗಳು 29, ಆಪ್ಶನ್ 725. ಐವತ್ತರ ಈ ವ್ಯತ್ಯಾಸವೆಲ್ಲ ಒಂದೇ ಸಾಲಿನ ಮಾತಿನಲ್ಲಿ ಅಡಗಿದೆ. ಆ ಸಾಲು ಒಂದು ಹಾಳೆಯ ಗ್ರಾಂಟ್ ಲೆಟರಿನಲ್ಲಿ ಇರುವುದು ಅಪರೂಪ; ಮೂವತ್ತು ನಲವತ್ತು ಪುಟದ ಮೂಲ ಯೋಜನೆಯಲ್ಲಿರುತ್ತದೆ. ಅದನ್ನು ಕೇಳಿ ಪಡೆದು, ರಾಜೀನಾಮೆಯ ಪತ್ರ ಬರೆಯುವ ಮುನ್ನವೇ ಓದಬೇಕು.

ಇನ್ನು ನಿಜವಾದ ತೊಡಕಿಗೆ ಬರೋಣ. ಕೈಗೂಡಿದ 775 ಆಪ್ಶನ್‌ಗಳು ಇನ್ನೂ ಷೇರುಗಳಾಗಿಲ್ಲ. ಹಣ ಕಟ್ಟಿ ಹಕ್ಕನ್ನು ಚಲಾಯಿಸಬೇಕು. ಇದನ್ನೇ 'ಎಕ್ಸರ್‌ಸೈಜ್' ಎನ್ನುತ್ತಾರೆ. ಕೆಲಸದಲ್ಲಿರುವ ತನಕ ಇದಕ್ಕೆ ವರ್ಷಗಟ್ಟಲೆ ಅವಧಿಯಿರುತ್ತದೆ. ಕೆಲಸ ಬಿಟ್ಟೊಡನೆ ಅದು ಕುಗ್ಗಿ, ಅನೇಕ ಯೋಜನೆಗಳಲ್ಲಿ 90 ದಿನಕ್ಕೆ ಇಳಿಯುತ್ತದೆ. ನಮ್ಮ ಲೆಕ್ಕದಲ್ಲಿ 2025ರ ಫೆಬ್ರವರಿ 13 ಕಡೆಯ ದಿನ. ಮರುದಿನ ಹಣ ಹಿಡಿದುಕೊಂಡು ಹೋದರೂ ಪ್ರಯೋಜನವಿಲ್ಲ. ಅಮೆರಿಕದ ತೆರಿಗೆ ಕಾನೂನು ಒಂದು ಬಗೆಯ ಆಪ್ಶನ್‌ಗೆ ರಿಯಾಯಿತಿ ಕೊಡಲು ಕೆಲಸ ಬಿಟ್ಟ ಮೂರು ತಿಂಗಳ ಗಡುವನ್ನು ಇಟ್ಟಿದೆ. 90 ದಿನದ ರೂಢಿ ಬೆಳೆದದ್ದು ಅಲ್ಲಿ. ನಮ್ಮಲ್ಲಿ ಅಂಥ ಕಾನೂನೇ ಇಲ್ಲ, ಗಡುವು ಮಾತ್ರ ಹಡಗು ಹತ್ತಿ ಬಂದಿದೆ! ಕಂಪನಿ ಮನಸ್ಸು ಮಾಡಿದರೆ ಹೆಚ್ಚಿಸಬಹುದು. ಅಮೆರಿಕದ ಪಿಂಟರೆಸ್ಟ್ ಕಂಪನಿಯು 2015ರಲ್ಲಿ, ಎರಡು ವರ್ಷ ದುಡಿದು ಬಿಟ್ಟವರಿಗೆ ಏಳು ವರ್ಷಗಳ ಅವಕಾಶ ಕೊಟ್ಟಿತು.

ಆ 90 ದಿನದಲ್ಲಿ ಎಷ್ಟು ಹಣ ಹೊಂದಿಸಬೇಕು? ಷೇರಿನ ಬೆಲೆ 775ಕ್ಕೆ 50ರಂತೆ 38,750 ರೂಪಾಯಿ. ಇಷ್ಟೇ ಎಂದುಕೊಂಡು ಅನೇಕರು ನಿಶ್ಚಿಂತರಾಗಿರುತ್ತಾರೆ. ಆದರೆ ಹಕ್ಕು ಚಲಾಯಿಸಿದ ದಿನದ ನ್ಯಾಯವಾದ ಬೆಲೆಗೂ ಕೊಟ್ಟ ಬೆಲೆಗೂ ಇರುವ ಅಂತರವನ್ನು ಸರಕಾರವು ಸಂಬಳವೆಂದೇ ಎಣಿಸಿ ತೆರಿಗೆ ಕೇಳುತ್ತದೆ. ಪೇಟೆಯಲ್ಲಿಲ್ಲದ ಕಂಪನಿಯಾದರೆ ಆ ಬೆಲೆಯನ್ನು ಮರ್ಚಂಟ್ ಬ್ಯಾಂಕರ್ ಪ್ರಮಾಣಪತ್ರದಿಂದ ಗೊತ್ತುಮಾಡುತ್ತಾರೆ. ಅದು 400 ರೂಪಾಯಿ ಎಂದಿಟ್ಟುಕೊಳ್ಳಿ. ಷೇರಿಗೆ 350ರಂತೆ 2,71,250 ರೂಪಾಯಿ ಆದಾಯವಾಯಿತು. ಆಕೆ ಶೇಕಡಾ 30ರ ಹಂತದಲ್ಲಿದ್ದರೆ ಸೆಸ್ ಸೇರಿ ತೆರಿಗೆ 84,630. ಕಂಪನಿಯು ಇದನ್ನು ಹಿಡಿದು ಸರಕಾರಕ್ಕೆ ಕಟ್ಟಬೇಕು. ಹಿಡಿಯಲು ಸಂಬಳವೇ ನಿಂತಿರುವುದರಿಂದ ಆಕೆಯನ್ನೇ ಕೇಳುತ್ತದೆ. ಒಟ್ಟು 1,23,380 ರೂಪಾಯಿ ಕೈಯಿಂದ ಹೋಗಬೇಕು.

ಬದಲಿಗೆ ಬರುವುದು, ಕಾಗದದ ಮೇಲೆ 3,10,000 ಬೆಲೆಯ ಷೇರುಗಳು. ಪೇಟೆಯಲ್ಲಿರುವ ಕಂಪನಿಯಾದರೆ ಕೆಲವನ್ನು ಮಾರಿ ಖರ್ಚು ತುಂಬಿಕೊಳ್ಳಬಹುದು. ಇಲ್ಲದಿದ್ದರೆ ಕೊಳ್ಳುವವರು ಯಾರು? ಕಂಪನಿಯೇ ಮರಳಿ ಕೊಳ್ಳಬೇಕು ಅಥವಾ ಷೇರು ಪೇಟೆಗೆ ಬರಬೇಕು. ಅಲ್ಲಿಯ ತನಕ ಲಕ್ಷದ ಮೇಲಿನ ಹಣ ಸಿಕ್ಕಿಹಾಕಿಕೊಂಡಿರುತ್ತದೆ. ಮುಂದೆ 250ಕ್ಕೆ ಮಾರಬೇಕಾಗಿ ಬಂದರೆ ಕಟ್ಟಿದ ತೆರಿಗೆ ಹಿಂದಕ್ಕೆ ಬಾರದು; 400ರಿಂದ ಇಳಿದದ್ದು ಬಂಡವಾಳದ ನಷ್ಟವೆಂದು ಮಾತ್ರ ಎಣಿಕೆಯಾಗುತ್ತದೆ. ಸರಕಾರದ ಪ್ರಮಾಣಪತ್ರ ಪಡೆದ ಕೆಲವು ಸ್ಟಾರ್ಟಪ್‌ಗಳ ನೌಕರರಿಗೆ ಈ ತೆರಿಗೆಯನ್ನು ಮುಂದೂಡುವ ಸೌಲಭ್ಯವಿದೆ ನಿಜ. ಆದರೆ ಕೆಲಸ ಬಿಟ್ಟೊಡನೆ ಅದೂ ಮುಗಿಯುವುದರಿಂದ, ಹೊರಡುವವರಿಗೆ ಅದರ ಆಸರೆಯಿಲ್ಲ.

ಕೆಲಸ ಬಿಡುವುದೆಲ್ಲ ಒಂದೇ ಬಗೆಯಲ್ಲ ಎಂಬುದನ್ನೂ ಮನೆಯವರು ಅರಿತಿರಬೇಕು. ರಾಜೀನಾಮೆ ಕೊಟ್ಟರೂ ಕಂಪನಿ ತೆಗೆದುಹಾಕಿದರೂ ಕೈಗೂಡದವು ಅಳಿಯುತ್ತವೆ. ದುರ್ನಡತೆಯ ಆರೋಪದ ಮೇಲೆ ತೆಗೆದರೆ ಕೈಗೂಡಿದವನ್ನೂ ಕಿತ್ತುಕೊಳ್ಳುವ ಮಾತು ಅನೇಕ ಯೋಜನೆಗಳಲ್ಲಿದೆ. ನೌಕರನು ಕೆಲಸದಲ್ಲಿದ್ದಾಗಲೇ ತೀರಿಕೊಂಡರೆ ಮಾತ್ರ ನಿಯಮ ಕನಿಕರದ್ದು. ಅಂದಿಗೆ ಕೈಗೂಡದಿದ್ದ ಆಪ್ಶನ್‌ಗಳೂ ಸಹ ಆ ದಿನವೇ ಪೂರ್ತಿ ಕೈಗೂಡಿ ವಾರಸುದಾರರಿಗೆ ಸಲ್ಲುತ್ತವೆ. ಶಾಶ್ವತ ಅಂಗವೈಕಲ್ಯದಿಂದ ಕೆಲಸ ತಪ್ಪಿದರೂ ಹೀಗೆಯೇ, ನೌಕರನಿಗೇ ಎಲ್ಲವೂ ಸಲ್ಲುತ್ತವೆ. ದುಃಖದ ಮನೆಯಲ್ಲಿ ಇದನ್ನು ಯಾರೂ ನೆನೆಯುವುದಿಲ್ಲ, ಗಡುವೂ ಕಾಯುವುದಿಲ್ಲ. ಆದುದರಿಂದ ಗ್ರಾಂಟ್ ಲೆಟರಿನ ಪ್ರತಿಯೊಂದನ್ನು ಪಿ.ಎಫ್. ಕಾಗದಗಳಿರುವ ಕಡತದಲ್ಲಿಯೇ ಇಡಿ. ಕಡತ ಎಲ್ಲಿದೆಯೆಂದು ಮನೆಯಲ್ಲಿ ಇನ್ನೊಬ್ಬರಿಗಾದರೂ ತಿಳಿದಿರಲಿ.

ಪರಿಚಿತರ ಮಗಳು ಇನ್ನೂ ರಾಜೀನಾಮೆ ಕೊಟ್ಟಿಲ್ಲ. ಮೂಲ ಯೋಜನೆಯ ಪ್ರತಿಯನ್ನು ತರಿಸಿಕೊಂಡಿದ್ದಾಳೆ. ಗಡುವನ್ನು ಹೆಚ್ಚಿಸುವ ಅಧಿಕಾರ ನಿರ್ದೇಶಕ ಮಂಡಲಿಗೆ ಉಂಟೆಂಬ ಸಾಲು ಅದರಲ್ಲಿ ಸಿಕ್ಕಿದೆ. ಕೇಳಿಕೊಂಡು ಪತ್ರ ಬರೆಯುವವಳಿದ್ದಾಳೆ.