ಹೆಡ್‌ಲೈಟ್ ಬಿಡಿ, ಸ್ಪೀಡ್ ನೋಡಿ

ರಾತ್ರಿ ಬೈಕ್‌ನಲ್ಲಿ ಊರಿಗೆ ಹೋಗ್ತೀನಿ ಅಂದರೆ ಸಾಕು, ಆಫೀಸಿನ ಗೆಳೆಯರದ್ದು ಒಂದೇ ಸಲಹೆ: "ಎರಡು ಎಲ್‌ಇಡಿ ಎಕ್ಸ್‌ಟ್ರಾ ಹಾಕಿಸು ಮಗಾ, ಹಗಲಿನ ಥರ ಕಾಣುತ್ತೆ." ಈ ಸಲಹೆಯೇ ಅಪಾಯ ಅಂತ ನನ್ನ ವಾದ. ಗದಗ ದಾಟಿ ಕಳಸಾಪುರದ ಕಡೆ ಹೊರಳಿದರೆ ಬೀದಿದೀಪ ಮುಗಿದು ಎರಿ ಹೊಲದ ಕತ್ತಲು ಶುರು. ಅಲ್ಲಿ ಎದುರಿನವನ ಕಣ್ಣಿಗೆ ಬಿಳಿ ಬೆಳಕು ಹೊಡೆದರೆ ಅವನು ಕೆಲವು ಸೆಕೆಂಡ್ ಕುರುಡ. ಆ ಕುರುಡ ಬರ್ತಿರೋದು ನಿಮ್ಮ ಕಡೆಗೇ.

ಲೆಕ್ಕ ಹಾಕೋಣ. ಡಿಮ್ ಬೆಳಕಲ್ಲಿ 40 ಮೀಟರ್ ದೂರದ ಕಪ್ಪು ವಸ್ತು ಕಾಣುತ್ತೆ ಅಂತಿಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ, ಕಂಡದ್ದು ಏನೆಂದು ತಿಳಿದು ಬ್ರೇಕ್ ಒತ್ತುವ ಒಂದೂವರೆ ಸೆಕೆಂಡಿನಲ್ಲೇ 25 ಮೀಟರ್ ಹೋಯ್ತು. ಗಾಡಿ ನಿಲ್ಲೋಕೆ ಇನ್ನೂ 28 ಬೇಕು. ಒಟ್ಟು 53. ಅಂದರೆ ಕಾಣುವ ಮೊದಲೇ ಗುದ್ದೋದು ನಿಶ್ಚಯವಾಗಿರುತ್ತೆ. 40ರ ವೇಗದಲ್ಲಾದರೆ 30 ಮೀಟರಿನೊಳಗೇ ನಿಲ್ತೀರಿ. ರಸ್ತೆಯಲ್ಲಿ ಮಣ್ಣು, ಜಲ್ಲಿ ಇದ್ದರೆ ಅದಕ್ಕಿಂತಲೂ ಇಳಿಸಬೇಕು.

ಆ ಕಪ್ಪು ವಸ್ತು ನಮ್ಮ ಕಡೆ ಸಾಮಾನ್ಯವಾಗಿ ಕಣಕಿ ಹೇರಿದ ಟ್ರ್ಯಾಲಿ. ಹಿಂದೆ ರಿಫ್ಲೆಕ್ಟರ್ ಇದ್ದರೂ ಜೋತುಬಿದ್ದ ಕಣಕಿ ಅದನ್ನು ಮುಚ್ಚಿರುತ್ತೆ. ಅದನ್ನು ಕಂಡುಹಿಡಿಯೋಕೆ ಎದುರಿಂದ ಬರುವ ಗಾಡಿಯ ಬೆಳಕೇ ಸಹಾಯಕ್ಕೆ ಬರುತ್ತೆ. ನೇರ ರಸ್ತೆಯಲ್ಲಿ ದೂರದ ಹೆಡ್‌ಲೈಟ್ ಒಮ್ಮೆಲೇ ಅರ್ಧ ಮರೆಯಾಯ್ತು ಅಂದರೆ ನಡುವೆ ಏನೋ ಇದೆ. ಆಗಲೇ ಆಕ್ಸಿಲರೇಟರ್ ಬಿಡಿ. ಎದುರಿನ ಗಾಡಿ ಹತ್ತಿರ ಬಂದಾಗ ಮಾತ್ರ ದೀಪ ನೋಡಬೇಡಿ. ರಸ್ತೆಯ ಎಡ ಅಂಚು ಹಿಡಿದು ಸಾಗಿ. ಅದು ದಾಟಿದ ಕೂಡಲೇ ವೇಗ ಏರಿಸೋದು ನಮ್ಮವರ ದೊಡ್ಡ ಚಟ, ಕಣ್ಣಿಗೆ ಏನೂ ಕಾಣದ ಹೊತ್ತೇ ಅದು.

ಮುಂದಿನ ಗಾಡಿಯ ಕೆಂಪು ದೀಪದ ಹೊಳಪು ನೋಡಿ ದೂರ ಅಳೀಬೇಡಿ. ಧೂಳು ಮೆತ್ತಿದ ದೀಪ ಹತ್ತಿರವಿದ್ದರೂ ದೂರ ಅನಿಸುತ್ತೆ. ಎರಡು ದೀಪಗಳ ನಡುವಿನ ಅಂತರ ಸರಸರ ಅಗಲವಾದರೆ ಆ ಗಾಡಿ ನಿಂತಿದೆ, ಇಲ್ಲಾ ಬಹಳ ನಿಧಾನ. ಒಂದೇ ದೀಪವಿದ್ದರೆ ಈ ಅಳತೆಯೂ ಇಲ್ಲ. ಅದನ್ನು ಬೈಕ್ ಅಂತ ನಂಬಬೇಡಿ, ಒಂದು ಬಲ್ಬ್ ಹೋದ ಲಾರಿಯೂ ಆಗಿರಬಹುದು. ಹಿಂದೆ ಸಾಗುವಾಗ, ಅದು ಕಿಲೋಮೀಟರ್ ಕಲ್ಲು ದಾಟಿದ ಕ್ಷಣದಿಂದ "ಸಾವಿರದ ಒಂದು, ಸಾವಿರದ ಎರಡು" ಅಂತ ಎಣಿಸಿ. "ಸಾವಿರದ ನಾಲ್ಕು" ಅನ್ನೋ ಮೊದಲೇ ನೀವು ಆ ಕಲ್ಲು ಮುಟ್ಟಿದರೆ ತೀರಾ ಹತ್ತಿರ ಇದ್ದೀರಿ.

ಎಲ್‌ಇಡಿಗೆ ತೆಗೆದಿಟ್ಟ ದುಡ್ಡಿದೆಯಲ್ಲ, ಅದರಲ್ಲಿ ಹೆಲ್ಮೆಟ್‌ನ ಗೀರುಬಿದ್ದ ಗ್ಲಾಸ್ ಬದಲಿಸಿ. ಎದುರಿನ ಬೆಳಕನ್ನು ಕಣ್ಣ ತುಂಬ ಚೆಲ್ಲೋದು ಆ ಗೀರುಗಳೇ. ಉಳಿದ ದುಡ್ಡಿಗೆ ಕೆಂಪು ರಿಫ್ಲೆಕ್ಟರ್ ಟೇಪ್ ಕೊಂಡು, ಊರಿಗೆ ಹೋದಾಗ ಕಾಕಾಗೆ ಕೊಡಿ. ಟ್ರ್ಯಾಲಿಗಷ್ಟೇ ಅಲ್ಲ, ಒಂದು ಹಲಗೆಗೂ ಅಂಟಿಸಿ, ಕಣಕಿ ಹೇರಿದ ಮೇಲೆ ಹಿಂದಿನ ಹಗ್ಗಕ್ಕೆ ಅದನ್ನ ಕಟ್ಟಲಿಕ್ಕೆ ಹೇಳ್ರಿ.