ಎಂಟು ನಿಮಿಷದ ಮಾತು, ಐದು ನಿಮಿಷದ ಅವಕಾಶ

ಕಳೆದ ರಾಜ್ಯೋತ್ಸವಕ್ಕೆ ನಮ್ಮ ದಿಲ್ಲಿಯ ಬಳಗದಲ್ಲಿ ಒಂದು ಏರ್ಪಾಡು ಮಾಡಿಕೊಂಡಿದ್ದೆವು. ಆರು ಜನ ಸದಸ್ಯರು ಕನ್ನಡಕ್ಕೆ ದುಡಿದ ಒಬ್ಬೊಬ್ಬರ ಬಗ್ಗೆ ಐದೈದು ನಿಮಿಷ ಮಾತನಾಡಬೇಕು, ಬರಹವನ್ನು ಮೊದಲೇ ಕಳುಹಿಸಬೇಕು, ಅದನ್ನು ಹದಗೊಳಿಸುವ ಹೊಣೆ ನಮ್ಮದು. ಬಳಗದ ಹಿರಿಯರೊಬ್ಬರು ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟಿನ ಬಗ್ಗೆ ಬರೆದು ಕಳುಹಿಸಿದರು. ಗಟ್ಟಿಯಾಗಿ ಓದಿ ನೋಡಿದೆವು. ಸರಿಯಾಗಿ ಎಂಟು ನಿಮಿಷವಾಯಿತು.

ಆಗ ನಾವು ಮಾಡಿದ ಕೆಲಸವನ್ನು ಮರೆಮಾಚದೆ ಹೇಳುತ್ತೇವೆ. ಏಕೆಂದರೆ ಅದೇ ತಪ್ಪನ್ನು ಬಹುತೇಕ ಎಲ್ಲರೂ ಮಾಡುತ್ತಾರೆ ಎಂಬುದು ನಮ್ಮ ಅಭಿಪ್ರಾಯ. ಯಾರಿಗೂ ನೋವಾಗದಿರಲೆಂದು ಎಲ್ಲ ಪರಿಚ್ಛೇದಗಳಿಂದಲೂ ಎರಡೆರಡು ವಾಕ್ಯ ತೆಗೆದೆವು. ಆರೂಕಾಲು ನಿಮಿಷಕ್ಕೆ ಬಂತು. ಬಳಿಕ, ಕಿಟ್ಟೆಲ್ ಅವರ ಬಗ್ಗೆ ಹಿರಿಯರು ಎತ್ತಿದ್ದ ಒಂದು ಆಕ್ಷೇಪದ ಪರಿಚ್ಛೇದವನ್ನು, ಹಬ್ಬದ ದಿನ ಇದೇಕೆ ಎಂದುಕೊಂಡು, ಪೂರ್ತಿ ಹೊಡೆದುಹಾಕಿದೆವು. ಉಳಿದದ್ದನ್ನು ತುಸು ವೇಗವಾಗಿ ಓದಿದರೆ ಐದು ನಿಮಿಷಕ್ಕೆ ಮುಗಿಯುತ್ತಿತ್ತು. ಹಿರಿಯರಿಗೆ ಓದಿ ಹೇಳಿದೆವು. ಅವರು ಸುಮ್ಮನೆ ಕೇಳಿ, ಕೊನೆಗೆ, "ಚೆನ್ನಾಗಿದೆಯಪ್ಪಾ. ಆದರೆ ಇದು ಹಾರ ಹಾಕುವ ಭಾಷಣ. ನಾನು ಬರೆದದ್ದು ಇದಲ್ಲ" ಎಂದರು.

ಅವರ ಮಾತು ನಿಜವಾಗಿತ್ತು. ಬರಹ ಗಿಡ್ಡವಾಗಿತ್ತು, ಆದರೆ ವಾದ ಸತ್ತಿತ್ತು. ಮರುದಿನ ಮೂಲಪ್ರತಿಯನ್ನು ಮತ್ತೆ ತೆಗೆದುಕೊಂಡು ಮೊದಲಿನಿಂದ ಕುಳಿತೆವು.

ಈ ಸಲ ಕತ್ತರಿ ಹಿಡಿಯುವ ಮೊದಲು ಎರಡು ಕೆಲಸ ಮಾಡಿದೆವು. ಒಂದು, ಗಡಿಯಾರವನ್ನು ಎದುರಿಗಿಟ್ಟುಕೊಂಡು ಮತ್ತೊಮ್ಮೆ ಗಟ್ಟಿಯಾಗಿ ಓದಿ, ಪ್ರತಿ ಪರಿಚ್ಛೇದ ಎಷ್ಟು ಸೆಕೆಂಡು ಹಿಡಿಯಿತೆಂದು ಅಂಚಿನಲ್ಲಿ ಬರೆದುಕೊಂಡೆವು. ಕನ್ನಡದಲ್ಲಿ ಪದಗಳನ್ನು ಎಣಿಸಿ ಹೊತ್ತನ್ನು ಅಳೆಯಲು ಹೋದರೆ ಮೋಸಹೋಗುತ್ತೇವೆ. ಸಂಧಿ ಮಾಡಿ ಮೂರು ಪದಗಳನ್ನು ಒಂದಾಗಿಸಿದರೆ ಎಣಿಕೆ ಇಳಿಯುತ್ತದೆಯೇ ಹೊರತು ಬಾಯಿಗೆ ಬೇಕಾದ ಹೊತ್ತು ಇಳಿಯುವುದಿಲ್ಲ. ಇಸವಿಗಳಂತೂ ಇನ್ನೂ ಕಪಟಿಗಳು. 1894 ಎಂಬುದು ಹಾಳೆಯ ಮೇಲೆ ನಾಲ್ಕೇ ಅಂಕಿ. ಬಾಯಲ್ಲಿ ಅದು 'ಸಾವಿರದ ಎಂಟುನೂರ ತೊಂಬತ್ತನಾಲ್ಕು'. ಅಂಥ ಇಸವಿಗಳು ಆ ಬರಹದಲ್ಲಿ ಹನ್ನೊಂದಿದ್ದವು.

ಎರಡನೆಯದಾಗಿ, ಈ ಮಾತಿನ ವಾದವೇನು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಲು ಯತ್ನಿಸಿದೆವು. 'ಕಿಟ್ಟೆಲ್ ನಿಘಂಟು ಒಂದು ಮಹತ್ಕಾರ್ಯ' ಎಂಬುದು ವಿಷಯವಾದೀತು, ವಾದವಾಗದು. ಅದನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಹಿರಿಯರನ್ನೇ ಕೇಳಿ, ಅವರು ಹೇಳಿದ್ದನ್ನು ಹೀಗೆ ಬರೆದುಕೊಂಡೆವು: ಈ ಕೋಶದ ಹಿರಿಮೆ ಅದರ ಎಪ್ಪತ್ತು ಸಾವಿರದಷ್ಟು ಪದಗಳಲ್ಲಿಲ್ಲ, ಹಳಗನ್ನಡ ಕಾವ್ಯದ ಪ್ರಯೋಗವನ್ನೂ ಜನರ ಬಾಯಿಯ ಗಾದೆಯನ್ನೂ ಒಂದೇ ಪುಟದಲ್ಲಿ ಕೂರಿಸಿ, ಎರಡನ್ನೂ ಪದದ ಅರ್ಥಕ್ಕೆ ಸಾಕ್ಷಿಗಳೆಂದು ಒಪ್ಪಿಕೊಂಡದ್ದರಲ್ಲಿದೆ. ಇದನ್ನು ಚೀಟಿಯಲ್ಲಿ ಬರೆದು ಎದುರಿನ ಗೋಡೆಗೆ ಅಂಟಿಸಿಕೊಂಡೆವು. ಮುಂದಿನ ತೀರ್ಪುಗಳನ್ನೆಲ್ಲ ಕೊಟ್ಟದ್ದು ಆ ಚೀಟಿಯೇ.

ಅಂಚಿನ ಲೆಕ್ಕವನ್ನೂ ಚೀಟಿಯನ್ನೂ ಜೊತೆಗಿಟ್ಟು ನೋಡಿದಾಗ ರೋಗ ತಾನಾಗಿಯೇ ಕಾಣಿಸಿತು. ವಂದನೆ ಹಾಗೂ ಪೀಠಿಕೆಗೆ ಐವತ್ತು ಸೆಕೆಂಡು. ಕಿಟ್ಟೆಲ್ ಅವರ ಹುಟ್ಟು, ಓದು, ಹಡಗಿನ ಪ್ರಯಾಣಕ್ಕೆ ತೊಂಬತ್ತೈದು. ಬಾಸೆಲ್ ಮಿಷನ್ ಮತ್ತು ಮಂಗಳೂರಿನ ಮುದ್ರಣಾಲಯಕ್ಕೆ ಎಪ್ಪತ್ತು. ಅಂದರೆ ಮೂರೂವರೆ ನಿಮಿಷಕ್ಕೂ ಹೆಚ್ಚು ಹೊತ್ತು ಕಳೆದ ಮೇಲೆ ವಾದದ ಮೊದಲ ವಾಕ್ಯ ಬರುತ್ತಿತ್ತು! ಆ ವಾದಕ್ಕೆ ಸಿಕ್ಕಿದ್ದು ನಲವತ್ತೈದು ಸೆಕೆಂಡು, ಅದರ ಪುರಾವೆಗೆ ನಲವತ್ತು. ಆಮೇಲೆ ಕೋಶದ ಮರುಮುದ್ರಣದ ಕಥೆಗೆ ಎಂಬತ್ತು, ಆಕ್ಷೇಪಕ್ಕೆ ಐವತ್ತೈದು, ಮುಕ್ತಾಯಕ್ಕೆ ನಲವತ್ತೈದು. ಎಲ್ಲ ಕಡೆಯಿಂದಲೂ ಸಮನಾಗಿ ಕತ್ತರಿಸಿದ್ದ ನಾವು, ಮೊದಲೇ ಬಡಕಲಾಗಿದ್ದ ವಾದವನ್ನು ಇನ್ನಷ್ಟು ಸೊರಗಿಸಿದ್ದೆವು.

ಪರಿಚ್ಛೇದ ಉಳಿಯಬೇಕೋ ಬೇಡವೋ ಎಂದು ತಿಳಿಯಲು ನಾವು ಬಳಸಿದ ಪರೀಕ್ಷೆ ಸರಳವಾದದ್ದು. ಅದನ್ನು ತೆಗೆದು, ಚೀಟಿಯ ವಾಕ್ಯವನ್ನು ಓದಬೇಕು. ಕೇಳುವವನಿಗೆ 'ಅದು ಹೇಗೆ?' ಎಂಬ ಪ್ರಶ್ನೆ ಏಳುವುದಾದರೆ, ತೆಗೆದದ್ದು ಪುರಾವೆ; ಹಿಂದಕ್ಕೆ ಇಡಬೇಕು. ಯಾವ ಪ್ರಶ್ನೆಯೂ ಏಳದಿದ್ದರೆ ಅದು, ಎಷ್ಟೇ ಸೊಗಸಾಗಿದ್ದರೂ, ಒಡವೆ. ಹಡಗಿನ ಪ್ರಯಾಣ ಹೋಯಿತು. ಜೀವನಚರಿತ್ರೆಯ ತೊಂಬತ್ತೈದು ಸೆಕೆಂಡು ಒಂದೆರಡು ವಾಕ್ಯಕ್ಕೆ ಇಳಿಯಿತು: ಇಪ್ಪತ್ತೊಂದರ ಹರೆಯದಲ್ಲಿ ಜರ್ಮನಿಯಿಂದ ಬಂದವರು, ಈ ಕೋಶ ಅಚ್ಚಾಗುವ ಹೊತ್ತಿಗೆ ಅರವತ್ತು ದಾಟಿದ್ದರು. 1832, 1853 ಎಂಬ ಇಸವಿಗಳು ಹೋದವು, ಆದರೆ ಒಂದು ಆಯುಷ್ಯದ ದುಡಿಮೆ ಕಿವಿಗೆ ಹೆಚ್ಚು ಸ್ಪಷ್ಟವಾಗಿ ಬಿತ್ತು. 1894 ಒಂದನ್ನೇ ಉಳಿಸಿಕೊಂಡೆವು.

ನಮಗೆ ನಿಜವಾಗಿ ಸಂಕಟವಾದದ್ದು ಮರುಮುದ್ರಣದ ಪರಿಚ್ಛೇದದಲ್ಲಿ. ಕಿಟ್ಟೆಲ್ ಕೋಶವನ್ನು ಮರಿಯಪ್ಪ ಭಟ್ಟರ ಸಂಪಾದಕತ್ವದಲ್ಲಿ ಪರಿಷ್ಕರಿಸಿ, 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದದ್ದು ಮದರಾಸು ವಿಶ್ವವಿದ್ಯಾಲಯ. ಹೊರನಾಡಿನಲ್ಲಿ ಬಾಳುವ ನಮ್ಮಂಥವರಿಗೆ ಇದಕ್ಕಿಂತ ಹೆಮ್ಮೆಯ ಸಂಗತಿ ಯಾವುದು? ಸಭೆಯಲ್ಲಿ ಚಪ್ಪಾಳೆ ಬೀಳುವುದೂ ಅಲ್ಲಿಯೇ ಎಂದು ನಮಗೆ ಗೊತ್ತಿತ್ತು. ಆದರೆ ಪರೀಕ್ಷೆಗೆ ಒಡ್ಡಿದರೆ ಅದು ಉಳಿಯಲಿಲ್ಲ. ಅದು ಒಡವೆಯೂ ಅಲ್ಲ. ಅದೊಂದು ಬೇರೆಯೇ ವಾದ. 'ಕನ್ನಡದ ಕೆಲಸ ಕರ್ನಾಟಕದ ಗಡಿಯ ಹೊರಗೂ ನಡೆದಿದೆ' ಎಂಬ ಆ ವಾದಕ್ಕೆ ತನ್ನದೇ ಐದು ನಿಮಿಷ ಬೇಕು. ಎರಡು ವಾದಗಳಿರುವ ಬರಹವನ್ನು ಎಷ್ಟು ಕತ್ತರಿಸಿದರೂ ಅದು ಅಡ್ಡಾಡುವುದನ್ನು ಬಿಡುವುದಿಲ್ಲ. ಅಂಥದ್ದನ್ನು ಕತ್ತರಿಸುವ ಬದಲು ಪಾಲು ಮಾಡಬೇಕು. ಆ ಪರಿಚ್ಛೇದವನ್ನು ಬೇರೆ ಹಾಳೆಗೆ ವರ್ಗಾಯಿಸಿ, ಮುಂದಿನ ವರ್ಷಕ್ಕೆಂದು ಹಿರಿಯರ ಕೈಗೇ ಕೊಟ್ಟೆವು. ಬಿಸಾಡಿದ್ದೇವೆ ಎನ್ನುವುದಕ್ಕೂ ತೆಗೆದಿರಿಸಿದ್ದೇವೆ ಎನ್ನುವುದಕ್ಕೂ ಬರೆದವರ ಮನಸ್ಸಿನಲ್ಲಿ ಬಹಳ ಅಂತರವಿದೆ.

ನಾವು ಮೊದಲ ಸಲ ಹೊಡೆದುಹಾಕಿದ್ದ ಆಕ್ಷೇಪ ಈಗ ಪೂರ್ತಿಯಾಗಿ ಹಿಂದಿರುಗಿತು. ಹಿರಿಯರು ಅಲ್ಲಿ ಹೇಳಿದ್ದು ಇಷ್ಟು: ಕಿಟ್ಟೆಲ್ ಬಂದದ್ದು ಧರ್ಮಪ್ರಚಾರದ ಸಂಸ್ಥೆಯ ಮೂಲಕ, ಜನರ ನುಡಿಯನ್ನು ಕಲಿಯುವುದು ಆ ಸಂಸ್ಥೆಗೆ ಅಗತ್ಯವಾಗಿತ್ತು. ಮುಖಪುಟದಲ್ಲಿ ಇರುವುದು ಅವರೊಬ್ಬರ ಹೆಸರು, ಗಾದೆಗಳನ್ನು ಆಡಿದ ಸಾವಿರಾರು ಬಾಯಿಗಳ ಹೆಸರಲ್ಲ. ಹಾಗಿದ್ದರೂ, ಆ ಬಾಯಿಗಳ ಮಾತನ್ನು ಸಾಕ್ಷಿಯೆಂದು ಅಚ್ಚುಹಾಕಿದ್ದರಿಂದಲೇ ಇಂದು ನಾವು ಆ ಹೆಸರಿಲ್ಲದವರನ್ನು ನೆನೆಯಬಲ್ಲೆವು. ಈ 'ಹಾಗಿದ್ದರೂ' ಇಲ್ಲದೆ ವಾದವೇ ಇಲ್ಲ. ಹೊತ್ತು ಸಾಲದಾದಾಗ ಎಲ್ಲರ ಕತ್ತರಿಯೂ ಮೊದಲು ಹೋಗುವುದು ಇಂಥ ಕಡೆಗೆ. ಏಕೆಂದರೆ ಆಕ್ಷೇಪವನ್ನು ತೆಗೆದರೆ ಮಾತು ನುಣುಪಾಗುತ್ತದೆ. ನುಣುಪಾದದ್ದನ್ನೇ ನಾವು ಬಿಗಿಯಾದದ್ದೆಂದು ಭ್ರಮಿಸುತ್ತೇವೆ. ವಾದದ ಎದುರಾಳಿಯನ್ನು ಹೊರಗೆ ಕಳುಹಿಸಿದ ಮೇಲೆ ಉಳಿಯುವುದು ಸ್ತುತಿ ಮಾತ್ರ.

ಇನ್ನೊಂದು ವಿಚಿತ್ರವನ್ನೂ ಕಂಡೆವು. ಬರಹವನ್ನು ಗಿಡ್ಡ ಮಾಡುವಾಗ ಅದರ ಒಂದು ಭಾಗವನ್ನು ಬೆಳೆಸಬೇಕಾಯಿತು. ನಲವತ್ತು ಸೆಕೆಂಡಿನ ಪುರಾವೆ ವಾದವನ್ನು ಹೊರಲಾರದಾಗಿತ್ತು. ಅಲ್ಲಿ ಗಾದೆಗಳ ಪ್ರಸ್ತಾಪವಿತ್ತೇ ಹೊರತು, ಕಾವ್ಯದ ಕಡೆಯ ಸಾಕ್ಷಿ ಇರಲಿಲ್ಲ. ಕಿಟ್ಟೆಲ್ ಅವರೇ ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದವರು. ಹಳಗನ್ನಡ ಗೊತ್ತಿಲ್ಲದೆ ಗಾದೆಗೆ ಮೊರೆಹೋದವರಲ್ಲ. ಈ ಒಂದು ಮಾತನ್ನು ಹಿರಿಯರಿಂದ ಕೇಳಿ ಸೇರಿಸಿದೆವು. ಹದಿನೈದು ಸೆಕೆಂಡು ಹೆಚ್ಚಿತು, ವಾದಕ್ಕೆ ಎರಡನೆಯ ಕಾಲು ಬಂತು.

ವಾಕ್ಯಗಳನ್ನು ಮುಟ್ಟಿದ್ದು ಇಷ್ಟೆಲ್ಲ ಆದ ಮೇಲೆ. ಮೂಲದಲ್ಲಿ ಹೀಗಿತ್ತು: 'ಇಲ್ಲಿ ನಾವು ಗಮನಿಸಬೇಕಾದ ಬಹಳ ಮುಖ್ಯವಾದ ಅಂಶವೇನೆಂದರೆ, ಕಿಟ್ಟೆಲ್ ಅವರು ತಮ್ಮ ಈ ಕೋಶದಲ್ಲಿ ಕೇವಲ ಗ್ರಂಥಸ್ಥ ಪದಗಳನ್ನು ಮಾತ್ರವಲ್ಲದೆ ಜನರಾಡುವ ಪದಗಳನ್ನೂ ಸಹ ಸೇರಿಸಿರುವುದನ್ನು ಕಾಣಬಹುದಾಗಿದೆ.' ಅದು ಹೀಗಾಯಿತು: 'ಕಿಟ್ಟೆಲ್ ಗ್ರಂಥದ ಪದಗಳ ಜೊತೆಗೆ ಜನರಾಡುವ ಪದಗಳನ್ನೂ ಕೋಶಕ್ಕೆ ತಂದರು.' ಅರ್ಧಕ್ಕೂ ಹೆಚ್ಚು ಹೊತ್ತು ಉಳಿಯಿತು. 'ಕಾಣಬಹುದಾಗಿದೆ', 'ಹೇಳಬಹುದಾಗಿದೆ' ಎಂಬ ಬಾಲಗಳು ನಮ್ಮ ಕಚೇರಿಯ ಕಡತಗಳಿಂದ ವೇದಿಕೆಗೆ ಹತ್ತಿದಂಥವು. ಹೊಣೆ ಹೊರಲು ಹಿಂಜರಿಯುವವರ ಕ್ರಿಯಾಪದಗಳು. ವಾದ ಮಾಡುವವನಿಗೆ ಅವು ಒಪ್ಪುವುದಿಲ್ಲ. ಆದರೂ ಇದನ್ನೇ ಮೊದಲು ಮಾಡಿದ್ದರೆ, ಆಮೇಲೆ ಬಿಟ್ಟುಬಿಡುವ ಪರಿಚ್ಛೇದಗಳನ್ನು ಗಂಟೆಗಟ್ಟಲೆ ತಿದ್ದುತ್ತಾ ಕೂತಿರುತ್ತಿದ್ದೆವು.

ಕೊನೆಗೆ ಉಳಿದದ್ದು ಹೊಲಿಗೆ. ಪರಿಚ್ಛೇದ ಹೋದ ಕಡೆ 'ಅವರು' ಯಾರೆಂದು ತಿಳಿಯದೆ ಅನಾಥರಾಗುತ್ತಾರೆ. 'ಆಗಲೇ ಹೇಳಿದಂತೆ' ಎಂಬುದು ಹೇಳದೇ ಇದ್ದುದನ್ನು ತೋರಿಸುತ್ತದೆ. ಬರಹವನ್ನು ಹಲವು ಸಲ ಓದಿದ ನಮ್ಮ ಕಣ್ಣಿಗೆ ಇವು ಕಾಣುವುದಿಲ್ಲ, ತೆಗೆದದ್ದೆಲ್ಲ ನಮ್ಮ ತಲೆಯಲ್ಲಿ ಇನ್ನೂ ಇರುತ್ತದೆ. ಆದ್ದರಿಂದ ಮೂಲವನ್ನು ಕೇಳಿರದ ನೆರೆಮನೆಯ ಕನ್ನಡದ ಗೃಹಿಣಿಯೊಬ್ಬರನ್ನು ಕೂರಿಸಿ ಓದಿದೆವು. ಎರಡು ಕಡೆ ಅವರು ತಡೆದರು. ಅಲ್ಲಿ ಸೇತುವೆಯ ವಾಕ್ಯಗಳನ್ನು ಹಾಕಿದೆವು. ಮುಗಿದ ಮೇಲೆ, ಏನು ಹೇಳಿದಂತಾಯಿತು ಎಂದು ಕೇಳಿದೆವು. "ಗಾದೆಗೂ ಕಾವ್ಯಕ್ಕೂ ಒಂದೇ ಮಣೆ ಹಾಕಿದರು ಅಂತ ಅಲ್ಲವೇ?" ಎಂದರು. ಗೋಡೆಯ ಮೇಲಿನ ಚೀಟಿಯನ್ನು ಅವರು ನೋಡಿರಲಿಲ್ಲ.

ಅಂದಿನ ಪ್ರತಿ ನಾಲ್ಕು ನಿಮಿಷ ನಲವತ್ತು ಸೆಕೆಂಡಿಗೆ ನಿಂತಿತ್ತು. ಉಳಿದ ಇಪ್ಪತ್ತು ಸೆಕೆಂಡನ್ನು ತುಂಬಲು ಹೋಗಲಿಲ್ಲ. ವೇದಿಕೆಯಲ್ಲಿ ಹಿರಿಯರು ನೀರು ಕುಡಿಯಲು ನಿಂತರು, 'ಹಾಗಿದ್ದರೂ' ಎಂಬಲ್ಲಿ ಒಂದು ಕ್ಷಣ ತಡೆದರು. ಮದರಾಸಿನ ಕಥೆ ಇಲ್ಲದ್ದರಿಂದ ನಡುವೆ ಚಪ್ಪಾಳೆ ಬೀಳಲಿಲ್ಲ. ಸಭೆ ಮುಗಿದ ಮೇಲೆ ಇಬ್ಬರು ಅವರನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಆ ಆಕ್ಷೇಪದ ಬಗ್ಗೆಯೇ ವಾದಕ್ಕಿಳಿದಿದ್ದರು. ಹಿರಿಯರು ಐದು ನಿಮಿಷಕ್ಕಿಂತ ಬಹಳ ಹೆಚ್ಚು ಹೊತ್ತು ಅವರಿಗೆ ಉತ್ತರ ಕೊಡುತ್ತಿದ್ದರು.