ಸುಳ್ಳು ವಿಡಿಯೊ ಯಾರ ಪರ ಸಾಕ್ಷಿ ಹೇಳಿತು?

2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ಪೋರ್ಶೆ ಕಾರೊಂದು ಬೈಕಿಗೆ ಗುದ್ದಿತು. ಮಧ್ಯಪ್ರದೇಶದಿಂದ ಬಂದಿದ್ದ ಇಬ್ಬರು ಎಳೆಯ ಎಂಜಿನಿಯರ್‌ಗಳು ಪ್ರಾಣ ಬಿಟ್ಟರು. ಕಾರು ಓಡಿಸುತ್ತಿದ್ದನೆನ್ನಲಾದ ಹುಡುಗನಿಗೆ ಹದಿನೇಳು ವರ್ಷ. ಬಾಲನ್ಯಾಯ ಮಂಡಳಿ ಅಂದೇ ಜಾಮೀನು ಕೊಟ್ಟಿತು. ಅದರ ಷರತ್ತುಗಳಲ್ಲಿ 300 ಪದಗಳ ಪ್ರಬಂಧ ಬರೆಯುವುದೂ ಒಂದು. ಊರು ಕುದಿಯಿತು. ಕುದಿಯಬೇಕಾದದ್ದೇ.

ಆ ಕುದಿಯ ನಡುವೆ ಒಂದು ವಿಡಿಯೊ ಹರಿದಾಡಿತು. ಹುಡುಗನೊಬ್ಬ ಕ್ಯಾಮೆರಾ ಮುಂದೆ ರ‍್ಯಾಪ್ ಹಾಡುತ್ತಾನೆ. ತನ್ನ ಪೋರ್ಶೆಯನ್ನೂ ಸಿಕ್ಕ ಜಾಮೀನನ್ನೂ ಕೊಚ್ಚಿಕೊಂಡು, ಸತ್ತವರನ್ನು ಹೀಯಾಳಿಸುತ್ತಾನೆ. 'ಇವನೇ ಆ ಹುಡುಗ' ಎಂಬ ಸಾಲು ಸೇರಿಸಿ ಜನ ಹಂಚಿದ್ದೇ ಹಂಚಿದ್ದು. ಆದರೆ ಅವನು ಆ ಹುಡುಗನೇ ಅಲ್ಲ. ಹಾಡಿದವನು ರೀಲ್ಸ್ ಮಾಡುವ ಬೇರೊಬ್ಬ. ಪುಣೆ ಪೊಲೀಸರೇ ಇದನ್ನು ಸ್ಪಷ್ಟಪಡಿಸಿ, ಅವನ ಮೇಲೆ ಪ್ರಕರಣ ಹೂಡಿದರು.

ಹಂಚಿದವರಿಗೆ ನನ್ನ ಪ್ರಶ್ನೆ ಇದು: ನೀವು ನ್ಯಾಯದ ಪರ ನಿಂತಿರೋ, ಆರೋಪಿಗಳ ಪರವೋ? ಬಾಲಕನ ತಾಯಿ ಕ್ಯಾಮೆರಾ ಮುಂದೆ ಬಂದು 'ಆ ವಿಡಿಯೊದಲ್ಲಿರುವುದು ನನ್ನ ಮಗನಲ್ಲ' ಎಂದು ಕಣ್ಣೀರಿಟ್ಟರು. ಆ ಮಾತು ನಿಜವಾಗಿತ್ತು. ಜೂನ್ 1ರಂದು, ಮದ್ಯ ಸೇವನೆಯ ಪರೀಕ್ಷೆಗೆ ಮಗನ ರಕ್ತದ ಬದಲಿಗೆ ತನ್ನ ರಕ್ತ ಕೊಟ್ಟ ಆರೋಪದ ಮೇಲೆ ಪೊಲೀಸರು ಅದೇ ತಾಯಿಯನ್ನು ಬಂಧಿಸಿದರು. ಉತ್ತರ ಹೇಳಬೇಕಿದ್ದ ಕುಟುಂಬದ ಬಾಯಿಗೆ ಅನ್ಯಾಯಕ್ಕೊಳಗಾದವರ ಮಾತನ್ನು ಇಟ್ಟುಕೊಟ್ಟದ್ದು ನಿಮ್ಮ ಬೆರಳು.

ರಕ್ತ ಬದಲಾದ ನಿಜ ಹೊರಬಿದ್ದ ಬಗೆಯನ್ನೂ ನೋಡಿ. ಸಸೂನ್ ಆಸ್ಪತ್ರೆಯಲ್ಲಿ ತೆಗೆದ ರಕ್ತದ ಮಾದರಿಯನ್ನಷ್ಟೇ ನಂಬದೆ ಪೊಲೀಸರು ಔಂಧ್‌ನ ಸರ್ಕಾರಿ ಆಸ್ಪತ್ರೆಯಲ್ಲಿ ಇನ್ನೊಂದು ಮಾದರಿ ತೆಗೆಸಿದ್ದರು. ಡಿಎನ್ಎ ಪರೀಕ್ಷೆಯಲ್ಲಿ ಎರಡಕ್ಕೂ ತಾಳೆಯಾಗಲಿಲ್ಲ. ಮೊದಲನೆಯದು ಬದಲಾಗಿದೆ ಎಂಬುದು ಹೀಗೆ ತಿಳಿಯಿತು. ಮೇ 27ರಂದು ಸಸೂನ್‌ನ ಇಬ್ಬರು ವೈದ್ಯರ ಬಂಧನವಾಯಿತು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂಲಗಳನ್ನು ಎದುರುಬದುರು ಇಟ್ಟು ನೋಡುವುದೇ ಪರಿಶೀಲನೆ. ನೂರು ಗುಂಪುಗಳಿಂದ ಬಂದ ಒಂದೇ ವಿಡಿಯೊ ಒಂದೇ ಮೂಲ, ನೂರಲ್ಲ.

ಆ ರ‍್ಯಾಪ್ ವಿಡಿಯೊಗೂ ಇದೇ ಕೆಲಸ ಸಾಕಿತ್ತು. ಮೊದಲು ಹಾಕಿದ ಖಾತೆ ಯಾವುದು ಎಂದು ಹುಡುಕಬೇಕು. ಮುಖ ಚೆನ್ನಾಗಿ ಕಾಣುವ ಒಂದು ಚೌಕಟ್ಟಿನ ಸ್ಕ್ರೀನ್‌ಶಾಟ್ ತೆಗೆದು ಚಿತ್ರ ಹುಡುಕಾಟಕ್ಕೆ ಹಾಕಬೇಕು. ಅದೇ ಮುಖ, ಅದೇ ದನಿ ಅಪಘಾತಕ್ಕೂ ಮುಂಚಿನ ರೀಲ್ಸ್‌ಗಳಲ್ಲಿದ್ದರೆ ಅನುಮಾನ ಅಲ್ಲೇ ಏಳುತ್ತದೆ. ಆಮೇಲೆ ಪೊಲೀಸರಿಗೂ ಆ ಕುಟುಂಬದ ವಕೀಲರಿಗೂ ಒಂದೊಂದು ಫೋನ್. ಉತ್ತರ ಸಿಗದಿದ್ದರೆ ವಿಡಿಯೊ ಹಾಕಕೂಡದು. 'ವೈರಲ್ ಆಗಿದೆ, ಸತ್ಯಾಸತ್ಯತೆ ತಿಳಿದಿಲ್ಲ' ಎಂದು ಕೆಳಗೆ ಬರೆದು ಹಾಕುವುದು ಹೇಡಿತನ.

ಒಂದು ವೇಳೆ ಅವನೇ ಆ ಹುಡುಗ ಆಗಿದ್ದರೂ ಮುಖ ತೋರಿಸುವ ಹಕ್ಕು ನಿಮಗಿರಲಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ, ಆರೋಪಕ್ಕೊಳಗಾದ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ, ಗುರುತು ಹಿಡಿಸುವ ಯಾವ ವಿವರವನ್ನೂ ಬಯಲು ಮಾಡಬಾರದೆನ್ನುತ್ತದೆ. ತಪ್ಪಿದರೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮುಖ ಮಸುಕು ಮಾಡಿ ಅಪ್ಪನ ಹೆಸರು, ಮನೆಯ ಗೇಟು, ಕಾರಿನ ನಂಬರು ತೋರಿಸಿದರೆ ಮಸುಕು ಮಾಡಿದ್ದು ಏನನ್ನು?

ಪರಿಶೀಲಿಸದೆ ಹಂಚುವುದು ಪುಣೆಯ ಕಾಯಿಲೆ ಮಾತ್ರವಲ್ಲ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪರವೂರಿನವರ ಮೇಲೆ ಮಕ್ಕಳ ಕಳ್ಳರೆಂಬ ಅನುಮಾನ ಬಿತ್ತು. ಅವರು ಕಾರು ಹತ್ತಿ ಹೊರಟರು. ಅವರ ಚಿತ್ರಗಳು ವಾಟ್ಸ್‌ಆ್ಯಪ್‌ನಲ್ಲಿ ಮುಂದಿನ ಊರು ಮುರ್ಕಿಯನ್ನು ಕಾರಿಗಿಂತ ಮೊದಲೇ ತಲುಪಿದ್ದವು. ಅಲ್ಲಿ ದಾರಿ ಕಟ್ಟಿದ ಗುಂಪು ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬನನ್ನು ಬಡಿದು ಕೊಂದಿತು. ಅವರು ಯಾರು ಎಂದು ಕೇಳಲು ಒಂದು ಫೋನ್ ಕರೆ ಸಾಕಿತ್ತು.

ತಪ್ಪು ವಿಡಿಯೊ ಹಾಕಿ, ಬಯಲಾದ ಮೇಲೆ ಸದ್ದಿಲ್ಲದೆ ಅಳಿಸುವವರೇ, ಅಳಿಸುವುದು ತಿದ್ದುಪಡಿಯಲ್ಲ. ಸುಳ್ಳು ಹೇಳಿದ ಖಾತೆಯಲ್ಲೇ, ಅದೇ ದನಿಯಲ್ಲಿ, ಅಷ್ಟೇ ಮಂದಿಗೆ ತಲುಪುವಂತೆ 'ನಾವು ತೋರಿಸಿದ್ದು ತಪ್ಪು' ಎಂದು ಹೇಳಿ, ಅದನ್ನು ಪುಟದ ಮೇಲ್ತುದಿಯಲ್ಲಿ ಇರಿಸಿ. ಅಷ್ಟು ಎದೆಗಾರಿಕೆ ಇಲ್ಲದವರು ಮೈಕಿಗೆ ಚಾನೆಲ್ಲಿನ ಹೆಸರು ಅಂಟಿಸಿಕೊಂಡು ಬೀದಿಗಿಳಿಯಬೇಡಿ. ಸತ್ತ ಆ ಇಬ್ಬರಿಗೆ ಬೇಕಿದ್ದದ್ದು ನ್ಯಾಯಾಲಯದಲ್ಲಿ ನಿಲ್ಲುವ ಸಾಕ್ಷಿ. ನೀವು ಕೊಟ್ಟದ್ದು ಸುಳ್ಳು.